ಬೆಳಕು ತಿರುಗಿಸುವ ಬಿಲ್ಲೆ

ಗಾಳಿಯನ್ನೆಲ್ಲ ಹೊರಗೆಳೆದ ಗಾಜಿನ ಪಾತ್ರೆಯೊಂದನ್ನು ಕಲ್ಪಿಸಿಕೊಳ್ಳಿ. ಒಳಗೆ, ಕೂದಲಿಗಿಂತ ಸಪೂರದ ಎಳೆಯ ತುದಿಯಲ್ಲಿ, ಮಸಿ ಹಿಡಿದ ಬಿಲ್ಲೆ ಅಡ್ಡಲಾಗಿ ತೂಗುತ್ತಿದೆ. ಅಗಲ ಎರಡೂವರೆ ಸೆಂಟಿಮೀಟರ್, ತೂಕ ಒಂದು ಗ್ರಾಂ. ಕೆಳಗಿನಿಂದ ಒಂದು ವ್ಯಾಟ್ ಹಸಿರು ಬೆಳಕು ನೇರವಾಗಿ ಬಂದು ಅದಕ್ಕೆ ತಾಗುತ್ತಿದೆ.

ಈ ಬೆಳಕು ವೃತ್ತೀಯವಾಗಿ ಧ್ರುವೀಕರಣಗೊಂಡದ್ದು. ಇದರ ವಿದ್ಯುತ್ ಕ್ಷೇತ್ರ ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಇದ್ದಷ್ಟೇ ಉದ್ದವಿದ್ದು ಸೆಕೆಂಡಿಗೆ ಸುಮಾರು 6 ಕೋಟಿ ಕೋಟಿ ಸುತ್ತು ಹಾಕುತ್ತದೆ. ಮಸಿಯೊಳಗಿನ ಎಲೆಕ್ಟ್ರಾನುಗಳು ಅದರ ಬೆನ್ನುಹತ್ತಿ ಸುತ್ತುತ್ತವೆ, ಆದರೆ ಸ್ವಲ್ಪ ಹಿಂದೆ ಬೀಳುತ್ತವೆ. ಎಲ್ಲ ಗುಟ್ಟೂ ಈ ಹಿಂದುಳಿಯುವಿಕೆಯಲ್ಲೇ ಇದೆ. ಕ್ಷೇತ್ರ ಅವನ್ನು ಮುಂದಕ್ಕೆ ಎಳೆಯುತ್ತಲೇ ಇರಬೇಕಾಗುತ್ತದೆ. ಆ ಎಳೆತದ ಶಕ್ತಿ ಶಾಖವಾಗುತ್ತದೆ, ತಿರುಚು ಬಿಲ್ಲೆಗೆ ದಾಟುತ್ತದೆ. ಹಿಂದೆ ಬೀಳದಿದ್ದರೆ ಹೀರಿಕೆಯೂ ಇಲ್ಲ, ಟಾರ್ಕೂ ಇಲ್ಲ. ಹೀಗಾಗಿ ಲೆಕ್ಕ ಸರಳ: ಹೀರಿದ ಸಾಮರ್ಥ್ಯವನ್ನು ಕೋನೀಯ ಆವೃತ್ತಿಯಿಂದ ಭಾಗಿಸಿದರೆ ಟಾರ್ಕ್ ಸಿಗುತ್ತದೆ, τ = P/ω.

ಆ ಭಾಗಾಕಾರದ ಉತ್ತರ ಎಷ್ಟು ಚಿಕ್ಕದೆಂದರೆ, ಎಳೆಯ ಬಿಗಿತವನ್ನೂ ಘರ್ಷಣೆಯನ್ನೂ ಪೂರ್ತಿ ಮರೆತರೂ ನಮ್ಮ ಬಿಲ್ಲೆಗೆ ಮೊದಲ ಸುತ್ತು ಮುಗಿಸಲು ಸುಮಾರು 17 ಗಂಟೆ ಬೇಕು.

ಅಷ್ಟರಲ್ಲಿ ಬಿಲ್ಲೆ ಬಿಸಿಯಾಗುತ್ತದೆ. ಪಾತ್ರೆಯಲ್ಲಿ ಉಳಿದ ಒಂದಿಷ್ಟು ಗಾಳಿಯ ಅಣುಗಳು ಬಿಸಿ ಮೈಗೆ ಬಡಿದು ಜೋರಾಗಿ ಪುಟಿಯುತ್ತವೆ. ಆ ತಳ್ಳಾಟ ಬೆಳಕಿನ ತಿರುಚನ್ನು ಸುಲಭವಾಗಿ ಮುಚ್ಚಿಹಾಕುತ್ತದೆ. ತಿರುಗಿಸಿದ್ದು ಬೆಳಕೋ ಬಿಸಿಯೋ? ಬೆಳಕಿನ ಸುತ್ತನ್ನು ಎಡದಿಂದ ಬಲಕ್ಕೆ ಬದಲಿಸಿದರೆ ತಿಳಿಯುತ್ತದೆ. ಶಾಖ ಹಾಗೆಯೇ ಉಳಿಯುತ್ತದೆ, ಟಾರ್ಕ್ ಮಾತ್ರ ದಿಕ್ಕು ಬದಲಿಸುತ್ತದೆ. ಎರಡು ಅಳತೆಗಳ ವ್ಯತ್ಯಾಸದ ಅರ್ಧವೇ ಬೆಳಕಿನ ಪಾಲು.

ಪ್ರಿನ್ಸ್‌ಟನ್‌ನಲ್ಲಿ ಈ ಟಾರ್ಕನ್ನು ಅಳೆಯಹೊರಟ ಭೌತವಿಜ್ಞಾನಿ ರಿಚರ್ಡ್ ಬೆತ್ ಮಸಿಯ ಗೊಡವೆಗೇ ಹೋಗಲಿಲ್ಲ. ಪಾರದರ್ಶಕ ಕ್ವಾರ್ಟ್ಜ್ ಬಿಲ್ಲೆ ತೂಗುಹಾಕಿದರು. ಅದು ಬೆಳಕನ್ನು ಹೀರುವ ಬದಲು ಅದರ ಸುತ್ತನ್ನು ತಿರುವುಮುರುವು ಮಾಡುತ್ತದೆ. ಆದ್ದರಿಂದ ಟಾರ್ಕ್ ಇಮ್ಮಡಿ. ಮೇಲೊಂದು ಕನ್ನಡಿ ಮತ್ತು ಸ್ಥಿರ ಫಲಕ ಇಟ್ಟು ಅದೇ ಬೆಳಕನ್ನು ಮತ್ತೊಮ್ಮೆ ಹಾಯಿಸಿದರು, ನಾಲ್ಮಡಿ. ಬಿಲ್ಲೆ ಒಮ್ಮೆ ಅತ್ತಿತ್ತ ತೊನೆಯಲು ಹತ್ತು ನಿಮಿಷದಷ್ಟು ಹಿಡಿಯುತ್ತಿತ್ತು. ಜೋಕಾಲಿ ಜೀಕುವವರ ಹಾಗೆ, ಆ ತೊನೆತಕ್ಕೆ ಸರಿಹೊಂದಿಸಿ ಬೆಳಕಿನ ಸುತ್ತನ್ನು ಬದಲಿಸುತ್ತ ಹೋದರು. ತೂಗಾಟ ಹಿಗ್ಗಿತು, ಅಳತೆಗೆ ಸಿಕ್ಕಿತು. 1936ರಲ್ಲಿ ಪ್ರಕಟವಾದ ಆ ಅಳತೆ ಲೆಕ್ಕಕ್ಕೆ ಹೊಂದಿತು. ಈ ಪ್ರಯೋಗದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾಗುವುದು ಆ ಕಾಯುವಿಕೆ.

ಹೀರುವ ಬಿಲ್ಲೆಗೂ ದಾರಿಯಿದೆ: ಆವೃತ್ತಿ ಇಳಿಸುವುದು. ಮೂರು ಸೆಂಟಿಮೀಟರಿನ ಸೂಕ್ಷ್ಮತರಂಗದಲ್ಲಿ ಅದೇ ಒಂದು ವ್ಯಾಟ್ ಹೀರಿದರೆ ಟಾರ್ಕ್ 60,000 ಪಟ್ಟು. 17 ಗಂಟೆಯ ಸುತ್ತು ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಆದರೆ ಅಲೆಯೇ ಬಿಲ್ಲೆಗಿಂತ ದೊಡ್ಡದಾದಾಗ ಒಂದಷ್ಟು ಅಂಚು ಬಳಸಿ ಆಚೆ ಹೋಗುತ್ತದೆ. ಕಳಿಸಿದ ವ್ಯಾಟನ್ನಲ್ಲ, ಹೀರಿದ ವ್ಯಾಟನ್ನೇ ಅಳೆಯಬೇಕು. ಸೆಂಟಿಮೀಟರ್ ಅಲೆಗಳ ಟಾರ್ಕನ್ನು ಇಟಲಿಯ ನೆಲ್ಲೊ ಕರಾರಾ 1949ರಲ್ಲಿ ಪ್ರಕಟಿಸಿದರು.