ಜ್ವರ ಬಿಟ್ಟ ಮೇಲೆ ಒಂದು ಕಿವಿ ಮಂದವಾಯ್ತಾ? ದಿನ ಎಣಿಸುತ್ತಾ ಕೂರಬೇಡಿ

ಇವತ್ತು ನನ್ನ ಬಲಗಿವಿಯ ಕಥೆ ಹೇಳ್ತೀನಿ.

ಹೋದ ಮಳೆಗಾಲ ನಾನು ನಾಗಮಂಗಲ ತಾಲ್ಲೂಕಿನ ದೇವಲಾಪುರದ ನಮ್ಮನೇಲಿದ್ದೆ. ನಾಲ್ಕು ದಿನ ವೈರಲ್ ಜ್ವರ, ನೆಗಡಿ. ಜ್ವರ ಬಿಟ್ಟ ಮಾರನೇ ಬೆಳಗ್ಗೆ ಫೋನನ್ನು ಬಲಗಿವಿಗೆ ಹಿಡಿದರೆ ಅಕ್ಕನ ಮಾತು ದೂರದಿಂದ ಬಂದ ಹಾಗಿತ್ತು. ಜತೆಗೆ ಜೀರುಂಡೆ ಕೂಗಿದ ಹಾಗೆ ಒಂದೇ ಸಮ ಸದ್ದು. ಅಜ್ಜಿ, "ನೆಗಡಿ ಕಣ್ಲಾ, ಇಳಿದೋಯ್ತದೆ" ಅಂದ್ರು. ನಾನೂ ನಂಬಿದೆ. ಎರಡು ದಿನ ಹೋಯಿತು.

ಅಜ್ಜಿ ಹೇಳಿದ್ದು ಪೂರ್ತಿ ತಪ್ಪಲ್ಲ. ನೆಗಡಿಯಲ್ಲಿ ಮೂಗಿನಿಂದ ಕಿವಿಗೆ ಹೋಗುವ ಸಣ್ಣ ನಾಳ ಕಟ್ಟಿಕೊಂಡರೆ ಕಿವಿ ಮಂದವಾಗುತ್ತೆ, ಸಾಮಾನ್ಯವಾಗಿ ತಾನೇ ಬಿಡುತ್ತೆ. ಆದರೆ ತೊಂದರೆ ಒಳಗಿವಿ ಅಥವಾ ನರದಲ್ಲೂ ಇರಬಹುದು. ಹೊರಗಿಂದ ಎರಡೂ ಒಂದೇ ಥರ ಅನ್ನಿಸುತ್ತವೆ.

ಒಂದು ಸುಳಿವು ಇದೆ. ಬಾಯಿ ಮುಚ್ಚಿ "ಮ್ಮ್..." ಅಂತ ಗುನುಗಿ. ಸದ್ದು ಮಂದವಾದ ಕಿವೀಲೇ ಜೋರಾಗಿ ಕೇಳಿದರೆ ಕಟ್ಟಿರುವ ಸಾಧ್ಯತೆ ಹೆಚ್ಚು. ಚೆನ್ನಾಗಿರುವ ಕಿವಿ ಕಡೆ ಕೇಳಿದರೆ ಒಳಗಿವಿಯ ಅನುಮಾನ. ನನಗೆ ಎಡಗಡೆ ಕೇಳಿತು. ಇದು ಸುಳಿವಷ್ಟೇ, ಪರೀಕ್ಷೆ ಅಲ್ಲ.

ಮೂರನೇ ದಿನ ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆ. ಕಿವಿಯಲ್ಲಿ ಮೇಣ ಇರಲಿಲ್ಲ, ತಮಟೆ ಚೆನ್ನಾಗಿತ್ತು. ಆಮೇಲೆ ಆಡಿಯೋಮೆಟ್ರಿ: ಸದ್ದಿಲ್ಲದ ಕೋಣೇಲಿ ಹೆಡ್‌ಫೋನ್ ಹಾಕಿ, ಪೀಪ್ ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಿವಿ 15 ಡೆಸಿಬಲ್‌ಗೇ ಕೇಳಿತು, ಬಲಗಿವಿಗೆ 55 ಬೇಕಾಯಿತು. ಮಾಮೂಲಿ ಮಾತು ಸುಮಾರು 60. ಅಂದರೆ ಮಾತು ಅಂಚಿನಲ್ಲಿ ಕೇಳ್ತಿತ್ತು.

72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಸ್ವರಮಟ್ಟಗಳಲ್ಲಿ 30 ಡೆಸಿಬಲ್ ಅಥವಾ ಹೆಚ್ಚು ಕುಸಿದರೆ ಅದನ್ನು ದಿಢೀರ್ ನರಸಂಬಂಧಿ ಶ್ರವಣ ನಷ್ಟ ಅಂತಾರೆ. ಗಾಯಕಿ ಅಲ್ಕಾ ಯಾಗ್ನಿಕ್ ಅವರು ವೈರಲ್ ಸೋಂಕಿನ ನಂತರ ತಮಗೆ ಅಪರೂಪದ ನರಸಂಬಂಧಿ ಶ್ರವಣ ನಷ್ಟ ಆಗಿದೆ ಅಂತ 2024ರ ಜೂನ್‌ನಲ್ಲಿ ಹೇಳಿಕೊಂಡಿದ್ದರು. ಬಹಳ ಜನರಲ್ಲಿ ಖಚಿತ ಕಾರಣ ಸಿಗೋದೇ ಇಲ್ಲ.

ಚಿಕಿತ್ಸೆ ಸ್ಟೀರಾಯ್ಡ್. ಮೊದಲ ಎರಡು ವಾರದೊಳಗೆ ಶುರುವಾದರೆ ಉಪಯೋಗದ ಸಾಧ್ಯತೆ ಹೆಚ್ಚು. ಸಾಲದಿದ್ದರೆ ತಮಟೆಯ ಮೂಲಕ ಇಂಜೆಕ್ಷನ್ ಕೊಡ್ತಾರೆ, ಅದೂ ಸಾಮಾನ್ಯವಾಗಿ ಆರು ವಾರದೊಳಗೆ. ಶುಗರ್ ಏರಬಹುದು, ಹಾಗಾಗಿ ಮೆಡಿಕಲ್ ಶಾಪ್‌ನಿಂದ ನೀವೇ ತಂದು ನುಂಗಬೇಡಿ.

ಹಾಗಾದರೆ ಯಾವಾಗ ಓಡಬೇಕು? ಮೂರು ದಿನದೊಳಗೆ ದಿಢೀರಂತ ಕೇಳೋದು ಕಮ್ಮಿಯಾದರೆ, ಅದೇ ದಿನ, ತಪ್ಪಿದರೆ ಮಾರನೇ ದಿನ. ಜತೆಗೆ ತಲೆಸುತ್ತು ಬಂದರೆ ಅಥವಾ ಮುಖ ಸೊಟ್ಟಗಾದರೆ ನೇರ ತುರ್ತು ಚಿಕಿತ್ಸೆಗೆ. ಕೇಳೋದು ಸರಿಯಿದ್ದು ಒಂದೇ ಕಿವೀಲಿ ಹೊಸ ಸದ್ದು ನಿಲ್ಲದಿದ್ದರೂ ಪರೀಕ್ಷೆ ಮಾಡಿಸಿ. ನಮ್ಮ ಕಡೆಯವರಿಗೆ ಬಿ.ಜಿ. ನಗರದ ಆದಿಚುಂಚನಗಿರಿ ಆಸ್ಪತ್ರೆ, ಮಂಡ್ಯದ ಮಿಮ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇವೆ.

ಆರು ವಾರಕ್ಕೆ ನನ್ನ ಬಲಗಿವಿ 30ಕ್ಕೆ ಬಂತು, ಅಲ್ಲೇ ನಿಂತಿದೆ. ರಾತ್ರಿ ಮಲಗಿದಾಗ ಜೀರುಂಡೆ ಇನ್ನೂ ಕೂಗ್ತದೆ.