ಹಳೆಯ ನೂರು ವಿಡಿಯೋಗಳ ಪರಿಶೀಲನೆ ಮತ್ತು ವರ್ಗೀಕರಣ

ಸರ್ಕಾರಿ ಸೇವೆಗಳ ಅರ್ಜಿ ವಿಧಾನ ಹಾಗೂ ಊರಿನ ಸ್ಮಾರಕಗಳ ಬಗ್ಗೆ ಯೂಟ್ಯೂಬ್‌ನಲ್ಲಿ ವಿಡಿಯೋ ಹಾಕುವ ಸೇವಾ ಕೇಂದ್ರಗಳು, ಸಂಘಗಳು ಮತ್ತು ಸಾರ್ವಜನಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಬದಲಾದ ವಿಧಾನವನ್ನು ತೋರಿಸುವ ಹಳೆಯ ವಿಡಿಯೋವನ್ನು ನಂಬಿದ ಅರ್ಜಿದಾರರು ಸಮಯ ಮತ್ತು ಹಣ ಕಳೆದುಕೊಳ್ಳುವ ಸಂಭವವಿರುತ್ತದೆ.

ಮೊದಲು ನೂರು ವಿಡಿಯೋಗಳ ಪಟ್ಟಿ ತಯಾರಿಸಿ, ಪ್ರತಿಯೊಂದರ ಮುಂದೆ ಪ್ರಕಟಣೆಯ ದಿನಾಂಕ, ಒಟ್ಟು ವೀಕ್ಷಣೆ, ಕಳೆದ 365 ದಿನಗಳ ವೀಕ್ಷಣೆ ಮತ್ತು ಸರಾಸರಿ ವೀಕ್ಷಣಾ ಅವಧಿಯನ್ನು ನಮೂದಿಸತಕ್ಕದ್ದು. ಈ ಅಂಕಿಗಳು YouTube Studio ದ Analytics ವಿಭಾಗದಲ್ಲಿ ದೊರೆಯುತ್ತವೆ. ಒಟ್ಟು ವೀಕ್ಷಣೆಯೊಂದನ್ನೇ ನಂಬುವಂತಿಲ್ಲ. ಜಾತ್ರೆಯ ವಾರದಲ್ಲಿ ಹತ್ತು ಸಾವಿರ ಜನ ನೋಡಿ, ಅನಂತರ ಯಾರೂ ನೋಡದ ವಿಡಿಯೋಗಿಂತ ಪ್ರತಿ ತಿಂಗಳೂ ನೂರು ಜನ ಹುಡುಕಿ ನೋಡುವ ವಿಡಿಯೋ ಹೆಚ್ಚು ಬಾಳಿಕೆಯುಳ್ಳದ್ದು.

ತರುವಾಯ ಪ್ರತಿ ವಿಡಿಯೋಗೂ ಎರಡು ಪ್ರಶ್ನೆಗಳನ್ನು ಅನ್ವಯಿಸಬೇಕು: ಇದನ್ನು ಈಗಲೂ ಜನ ನೋಡುತ್ತಿದ್ದಾರೆಯೇ? ಇದರಲ್ಲಿ ಹೇಳಿರುವುದು ಈಗಲೂ ಸರಿಯೇ?

1. ಉಳಿಸುವುದು: ಎರಡಕ್ಕೂ ಉತ್ತರ ಹೌದು ಎಂದಾದರೆ ವಿಡಿಯೋವನ್ನು ಇದ್ದಂತೆಯೇ ಬಿಡುವುದು.

2. ಪರಿಷ್ಕರಿಸುವುದು: ಜನ ನೋಡುತ್ತಿದ್ದು, ವಿಷಯ ತಪ್ಪಾಗಿದ್ದರೆ ಮೊದಲ ಆದ್ಯತೆ ಇದಕ್ಕೆ. ಉದಾಹರಣೆಗೆ, ಋಣಭಾರ ಪ್ರಮಾಣಪತ್ರ ಪಡೆಯುವ ಬಗ್ಗೆ 2021ರಲ್ಲಿ ಮಾಡಿದ ವಿಡಿಯೋ ಹಳೆಯ ಕಾವೇರಿ ತಂತ್ರಾಂಶವನ್ನು ತೋರಿಸುತ್ತದೆ; 2023ರಲ್ಲಿ ಕಾವೇರಿ 2.0 ಜಾರಿಗೆ ಬಂದಿದೆ. ವೀಕ್ಷಣೆ ಹೆಚ್ಚಿದಷ್ಟೂ ದಾರಿ ತಪ್ಪುವವರೂ ಹೆಚ್ಚು. ಯೂಟ್ಯೂಬ್‌ನಲ್ಲಿ ಅದೇ ಕೊಂಡಿಯಲ್ಲಿ ಬೇರೆ ವಿಡಿಯೋ ಇರಿಸಲು ಅವಕಾಶವಿಲ್ಲ. ಆದಕಾರಣ ಹೊಸ ವಿಡಿಯೋ ಮಾಡಿ, ಹಳೆಯದರ ಶೀರ್ಷಿಕೆಯಲ್ಲಿ "ಹಳೆಯ ವಿಧಾನ" ಎಂದು ಸೂಚಿಸಿ, ವಿವರಣೆಯ ಮೊದಲ ಸಾಲಿನಲ್ಲಿ ಹೊಸದರ ಕೊಂಡಿ ನೀಡಬೇಕು.

3. ಶೀರ್ಷಿಕೆ ಬದಲಿಸುವುದು: ವಿಷಯ ಸರಿಯಿದ್ದು, ತೆರೆದವರು ಬಹುಪಾಲು ನೋಡಿ, ಆದರೆ ತೆರೆಯುವವರೇ ಕಡಿಮೆಯಿದ್ದರೆ ದೋಷ ಸಾಮಾನ್ಯವಾಗಿ ಹೆಸರಿನಲ್ಲಿರುತ್ತದೆ. ಮೊಳಕಾಲ್ಮುರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟದ ಅಶೋಕನ ಶಾಸನವನ್ನು ಬಿ.ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಅದರ ವಿಡಿಯೋಗೆ "ನಮ್ಮ ಪ್ರವಾಸ ಭಾಗ 3" ಎಂಬ ಹೆಸರಿದ್ದರೆ ಹುಡುಕುವವರಿಗೆ ಸಿಗದು. "ಜಟಿಂಗ ರಾಮೇಶ್ವರ ಬೆಟ್ಟದ ಅಶೋಕ ಶಾಸನ" ಎಂದು ಬದಲಿಸಿ, ದಿನಾಂಕ ಬರೆದಿಟ್ಟು, ಮೂರು ತಿಂಗಳ ನಂತರ ಅಂಕಿಗಳನ್ನು ಹೋಲಿಸುವುದು.

4. ದಾಖಲೆಗೆ ಸೇರಿಸುವುದು: ನೋಡುವವರೂ ಇಲ್ಲದ, ವಿಷಯವೂ ಮುಗಿದುಹೋದ ವಿಡಿಯೋಗಳನ್ನು ಅಳಿಸದೆ Unlisted ಎಂದು ಗುರುತಿಸುವುದು. ಅವು ಹುಡುಕಾಟದಲ್ಲಿ ಕಾಣುವುದಿಲ್ಲ. ಕೊಂಡಿ ಉಳ್ಳವರಿಗೆ ಮಾತ್ರ ತೆರೆಯುತ್ತವೆ. ಅಳಿಸಿದ ವಿಡಿಯೋ ಮರಳಿ ದೊರೆಯುವುದಿಲ್ಲ.

ವಿಶೇಷ ಸೂಚನೆ: ವರ್ಷಕ್ಕೊಮ್ಮೆ ಮಾತ್ರ ಬೇಕಾಗುವ ಮಾಹಿತಿಯನ್ನು, ಉದಾಹರಣೆಗೆ ವಿದ್ಯಾರ್ಥಿವೇತನದ ಅರ್ಜಿಯ ವಿಡಿಯೋವನ್ನು, ಮೂರು ತಿಂಗಳ ಅಂಕಿಗಳಿಂದ ಅಳೆಯಬಾರದು; ಪೂರ್ಣ ವರ್ಷವನ್ನು ಪರಿಗಣಿಸಬೇಕು. ಅರ್ಜಿದಾರರು ಯಾವುದೇ ವಿಡಿಯೋ ಅನುಸರಿಸುವ ಮೊದಲು ಅದರ ಪ್ರಕಟಣೆಯ ದಿನಾಂಕವನ್ನು ಗಮನಿಸಲು ಕೋರಲಾಗಿದೆ.