ಶಿಕ್ಷಣ ಸಾಲ: ಕಂತಿನ ಮೇಲೊಂದು 5 ಸಾವಿರ

ದಾವಣಗೆರೆಯ ಹುಡುಗಿಯೊಬ್ಬಳು ಇಂಜಿನಿಯರಿಂಗ್ ಓದಲು ವರ್ಷಕ್ಕೆ ಒಂದೂವರೆ ಲಕ್ಷದಂತೆ ನಾಲ್ಕು ವರ್ಷ ಸಾಲ ಪಡೆದಳು ಎಂದುಕೊಳ್ಳಿ. ಬಡ್ಡಿ ಶೇ. 10. ಓದು ಮುಗಿದ ಮೇಲೂ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿಗೆ ರಜೆಯಿಲ್ಲ. ಈ ಅವಧಿಗೆ ಸರಳ ಬಡ್ಡಿ ಲೆಕ್ಕ ಹಾಕಿದರೂ 2.10 ಲಕ್ಷ ಬೆಳೆದು ಅಸಲಿಗೆ ಸೇರಿಕೊಳ್ಳುತ್ತದೆ. ಪಡೆದದ್ದು 6 ಲಕ್ಷ, ಕಂತು ಶುರುವಾಗುವ ದಿನ ತೀರಿಸಬೇಕಾದದ್ದು 8.10 ಲಕ್ಷ. ಕೆಲಸ ಬೇಗ ಸಿಕ್ಕವರು ಆ ಒಂದು ವರ್ಷ ಮುಗಿಯಲೆಂದು ಕಾಯದೆ ಆಗಲೇ ಕೈಲಾದಷ್ಟು ಕಟ್ಟತೊಡಗುವುದು ಒಳ್ಳೆಯದು.

ಹತ್ತು ವರ್ಷದ ಅವಧಿಗೆ ಅವಳ ಕಂತು ತಿಂಗಳಿಗೆ ಸುಮಾರು 10,700 ರೂಪಾಯಿ. ಮೊದಲ ಕಂತಿನಲ್ಲಿ 6,750 ಬಡ್ಡಿಗೇ ಹೋಗುತ್ತದೆ, ಅಸಲು ಕರಗುವುದು ನಾಲ್ಕು ಸಾವಿರಕ್ಕೂ ಕಡಿಮೆ. ಹೀಗೇ ಕಟ್ಟುತ್ತ ಹೋದರೆ ಹತ್ತು ವರ್ಷದಲ್ಲಿ ಬಡ್ಡಿಯೇ 4.74 ಲಕ್ಷ. ಮೊದಲ ತಿಂಗಳಿನಿಂದಲೇ 5 ಸಾವಿರ ಹೆಚ್ಚಿಗೆ ಕಟ್ಟಿದರೆ? ಆ ಹಣ ಪೂರ್ತಿ ಅಸಲಿಗೆ ಬೀಳುತ್ತದೆ. ಸಾಲ 5 ವರ್ಷ 8 ತಿಂಗಳಿಗೆ ಮುಗಿದು, ಸುಮಾರು 2.20 ಲಕ್ಷ ಬಡ್ಡಿ ಉಳಿಯುತ್ತದೆ. ಇದೇ 5 ಸಾವಿರವನ್ನು ಏಳನೇ ವರ್ಷದಲ್ಲಿ ಕಟ್ಟಲು ಶುರುಮಾಡಿದರೆ ಇಷ್ಟು ಲಾಭವಿಲ್ಲ, ಬಡ್ಡಿಯ ಬಹುಪಾಲನ್ನು ಅಷ್ಟರೊಳಗೆ ಕೊಟ್ಟಾಗಿರುತ್ತದೆ.

ಎಡವುವುದು ಇಲ್ಲೇ. ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ತಿಂಗಳ ಕಂತೆಂದು ಹಿಡಿದುಕೊಳ್ಳುವುದುಂಟು, ಅಥವಾ ಅವಧಿಯನ್ನು ಹಾಗೇ ಬಿಟ್ಟು ಕಂತನ್ನೇ ಇಳಿಸುವುದುಂಟು. ಕಂತು ಇಳಿದರೆ ಹಗುರವೆನಿಸುತ್ತದೆ, ಆದರೆ ಸಾಲ ಬೇಗ ತೀರುವುದಿಲ್ಲ. ‘ಇದನ್ನು ಅಸಲಿಗೆ ಜಮಾ ಮಾಡಿ, ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಶಾಖೆಗೆ ಬರೆದುಕೊಡಬೇಕು. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಬಾಕಿ ಅಸಲು ಅಷ್ಟು ಇಳಿದಿದೆಯೇ, ಉಳಿದ ಕಂತುಗಳ ಸಂಖ್ಯೆ ಕಡಿಮೆಯಾಗಿದೆಯೇ ನೋಡಿದರೆ ಗೊತ್ತಾಗುತ್ತದೆ. ಬದಲಾಗುವ ಬಡ್ಡಿದರದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಅವಧಿಪೂರ್ವ ಪಾವತಿಯ ದಂಡ ಹಾಕುವಂತಿಲ್ಲ.

‘ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ, ನಿಧಾನವಾಗಿ ತೀರಿಸು’ ಎನ್ನುವವರಿದ್ದಾರೆ. ಈ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಎಂಟು ವರ್ಷ. ಶೇ. 20ರ ತೆರಿಗೆ ಕಟ್ಟುವವರಿಗೂ ನೂರು ರೂಪಾಯಿ ಬಡ್ಡಿಗೆ ಉಳಿಯುವುದು ಇಪ್ಪತ್ತು, ಎಂಬತ್ತು ಕೈಬಿಟ್ಟೇ ಹೋಗುತ್ತದೆ. ಆ ಇಪ್ಪತ್ತಕ್ಕಾಗಿ ಸಾಲ ಉಳಿಸಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಆದರೆ ಮೊದಲ ಸಂಬಳದ ದಿನವೇ ಆ 5 ಸಾವಿರ ಶುರುಮಾಡಬೇಕಿಲ್ಲ. ಬ್ಯಾಂಕಿಗೆ ಕಟ್ಟಿದ್ದು ತುರ್ತಿಗೆ ವಾಪಸ್ ಸಿಗುವುದಿಲ್ಲ. ಕೆಲಸ ಹೋಗಿ ಎರಡು ಕಂತು ತಪ್ಪಿದರೆ ಸಹಸಾಲಗಾರರಾದ ಅಪ್ಪನ ಸಿಬಿಲ್ ಅಂಕವೂ ಇಳಿಯುತ್ತದೆ. ಬಾಡಿಗೆ, ಊಟ, ಕಂತು ಸೇರಿ ಮೂರು ತಿಂಗಳಿಗೆ ಸಾಕಾಗುವಷ್ಟು ಹಣ ಉಳಿತಾಯ ಖಾತೆಯಲ್ಲಿ ಕೂಡಿದ ಮೇಲೆ ಹೆಚ್ಚಿನ ಕಂತಿಗೆ ಕೈಹಾಕಲಿ.